ಫೋಟೋ ನೋಡಿ ಗಾಳಿಪಟದ ಬ್ಯಾಲೆನ್ಸ್ ಹಿಡಿಯೋದು: 60 ಸೆಂಟಿಮೀಟರ್ ಪಟ ಒಂದರ ರಿಪೇರಿ

ಅಕ್ಕನ ಮಗ ಕೈಯಾರೆ ಮಾಡಿದ ಒಂದು ಪಟದ ಫೋಟೋ ಕಳಿಸಿ "ಮಾಮ, ಇದು ಹಾರುತ್ತಾ ಹೇಳಿ" ಅಂದ. ಪಟ ಅವನ ಹತ್ರ, ನಾನಿಲ್ಲಿ, ಹಾಗಾಗಿ ಕೈಲಿ ಹಿಡಿದು ನೋಡೋ ಮಾತೇ ಇಲ್ಲ, ಏನ್ ಹೇಳಿದ್ರೂ ಫೋಟೋ ನೋಡ್ಕೊಂಡೇ ಹೇಳ್ಬೇಕು. ಪಟ ಮಾಮೂಲಿ ವಜ್ರದ ಆಕಾರದ್ದು. ನಡುಕಡ್ಡಿ 60 ಸೆಂ.ಮೀ., ಅಡ್ಡಕಡ್ಡಿನೂ 60, ಎರಡೂ ಬಿದಿರು, ತಲೆಯಿಂದ 15 ಸೆಂ.ಮೀ. ಕೆಳಗೆ ಎರಡನ್ನೂ ಸೇರಿಸಿ ಕಟ್ಟಿದಾನೆ, ಸುತ್ತ ದಾರದ ಅಂಚು, ಮೇಲೆ ತೆಳು ಪೇಪರ್. ಅಡ್ಡಕಡ್ಡೀನ ಹಿಂದಿನಿಂದ ದಾರ ಎಳೆದು ಬಿಲ್ಲಿನ ಥರ ಬಗ್ಗಿಸಿದಾನೆ. ಬಾಲಂಗೋಚಿ ಇಲ್ಲ, ಬೇಡ ಅಂತಾನೂ ಹೇಳ್ದ.

ಬಾಲಂಗೋಚಿ ಬೇಡ ಅಂದಿದ್ದಕ್ಕೇ ನಾನು ಇಷ್ಟು ಕೂತು ನೋಡಿದ್ದು. ಉದ್ದ ಬಾಲ ಇದ್ರೆ ಅದು ಬುಡವನ್ನ ಗಾಳಿ ಹೋಗೋ ಕಡೆ ಎಳ್ಕೊಂಡಿರತ್ತೆ, ಪಟ ಸ್ವಲ್ಪ ಸೊಟ್ಟ ಇದ್ರೂ ತಲೆ ಮೇಲಕ್ಕೇ ಇರತ್ತೆ, ತಪ್ಪೆಲ್ಲಾ ಮುಚ್ಚಿಹೋಗತ್ತೆ. ಬಾಲ ಇಲ್ಲದ ಪಟಕ್ಕೆ ಆ ಸಹಾಯ ಇಲ್ಲ. ಬಿಲ್ಲಿನ ಬಾಗು, ಎರಡು ರೆಕ್ಕೆಯ ಸಮ, ಸೂತ್ರ ಕಟ್ಟಿರೋ ಜಾಗ ಈ ಮೂರರ ಮೇಲೇ ಅದು ನಿಲ್ಬೇಕು. ಸೂತ್ರ ಅಂದ್ರೆ ನಡುಕಡ್ಡಿಯ ಎರಡು ಜಾಗದಿಂದ ಬಂದು ಒಂದು ಗಂಟಲ್ಲಿ ಸೇರೋ ದಾರ, ಹಾರಿಸೋ ದಾರ ಕಟ್ಟೋದು ಆ ಗಂಟಿಗೇ. 1890ರ ದಶಕದಲ್ಲಿ ಅಮೆರಿಕದ ವಿಲಿಯಂ ಎಡ್ಡಿ ಅನ್ನೋವ್ರು ಬಾಲ ಇಲ್ಲದೆ ಹಾರೋ ಇಂಥದೇ ಬಿಲ್ಲು ಬಗ್ಗಿಸಿದ ಪಟ ಮಾಡಿ ಹೆಸರು ಮಾಡಿದ್ರು, ಅವರದ್ದರಲ್ಲೂ ಎರಡು ಕಡ್ಡಿ ಸಮ ಉದ್ದ. ಅಂದ್ರೆ ಹುಡುಗನ ವಿನ್ಯಾಸದಲ್ಲಿ ಮೂಲದ ತಪ್ಪೇನಿಲ್ಲ, ಕಟ್ಟಿರೋದು ಹೇಗಿದೆ ಅನ್ನೋದೇ ಪ್ರಶ್ನೆ.

ಅವನು ಕಳಿಸಿದ ಮೊದಲನೇ ಫೋಟೋ ಕೆಲಸಕ್ಕೆ ಬರ್ತಿರಲಿಲ್ಲ. ಪಟ ಗೋಡೆಗೆ ಒರಗಿಸಿ ಓರೆಯಾಗಿ ನಿಂತು ತೆಗೆದಿದ್ದ, ಅದರಲ್ಲಿ ಹತ್ತಿರದ ರೆಕ್ಕೆ ದೊಡ್ಡದಾಗಿ ಕಾಣತ್ತೆ ಅಷ್ಟೇ, ಪಟದ ಬಗ್ಗೆ ಏನೂ ತಿಳಿಯಲ್ಲ. ಬಿಲ್ಲಿನ ದಾರ ಬಿಚ್ಚು, ಪಟ ನೆಲದ ಮೇಲೆ ಚಪ್ಪಟೆಯಾಗಿ ಮಲಗಿಸು, ಸೂತ್ರ ಇರೋ ಮುಖ ಮೇಲಕ್ಕಿರಲಿ, ಎಡ ರೆಕ್ಕೆ ಮೇಲೆ ಪೆನ್ಸಿಲಲ್ಲಿ ಒಂದು "ಎ" ಬರಿ, ಆಮೇಲೆ ನೇರ ಮೇಲಿಂದ ಫೋಟೋ ತೆಗಿ ಅಂದೆ. ಎಡ ಬಲ ಅಂತ ಇಲ್ಲಿ ಹೇಳ್ತಿರೋದೆಲ್ಲಾ ಪಟದ ಮುಖ ನೋಡ್ತಾ, ಅಂದ್ರೆ ದಾರ ಹಿಡಿದು ಹಾರಿಸೋನಿಗೆ ಕಾಣೋ ಹಾಗೆ. ಬಿಲ್ಲು ಬಿಚ್ಚೋದು ಯಾಕಂದ್ರೆ ಬಗ್ಗಿದ ಕಡ್ಡಿ ಮೇಲಿಂದ ನೋಡಿದಾಗ ಗಿಡ್ಡ ಕಾಣತ್ತೆ, ಒಂದು ಕಡೆ ಜಾಸ್ತಿ ಬಗ್ಗಿದ್ರೆ ಆ ಕಡೆ ಇನ್ನೂ ಗಿಡ್ಡ, ಆಗ ಅಳತೆ ಮತ್ತು ಬಾಗು ಎರಡೂ ಕಲಸಿಹೋಗತ್ತೆ.

ಇದಾದ್ಮೇಲೆ ಇನ್ನೊಂದು ಕೆಲಸ ಮಾಡಿಸಿದೆ, ಈ ಇಡೀ ರಿಪೇರಿಲಿ ತುಂಬಾ ಉಪಯೋಗಕ್ಕೆ ಬಂದಿದ್ದು ಅದೇ. ಮೇಲಿಂದ ತೆಗೆಯೋ ಮೊದಲನೇ ಫೋಟೋ ಆದ್ಮೇಲೆ ನೀನು ನಿಂತ ಜಾಗ ಬಿಟ್ಟು ಅಲ್ಲಾಡಬೇಡ, ಫೋನ್ ಹಿಡಿದ ರೀತಿನೂ ಬದಲಾಯಿಸಬೇಡ, ಬೇರೆಯವರ ಕೈಲಿ ಪಟವನ್ನ ಅಲ್ಲೇ ಅರ್ಧ ಸುತ್ತು ತಿರುಗಿಸಿ ತಲೆ ಇದ್ದ ಕಡೆ ಬುಡ ಬರೋ ಹಾಗೆ ಇಡಿಸಿ ಇನ್ನೊಂದು ಫೋಟೋ ತೆಗಿ ಅಂದೆ. ತಪ್ಪು ಪಟದ್ದಾಗಿದ್ರೆ ಅದು ಪಟದ ಜೊತೆ ತಿರುಗಿ ಇನ್ನೊಂದು ಕಡೆ ಹೋಗತ್ತೆ. ತಪ್ಪು ಫೋನ್ ವಾಲಿದ್ದರಿಂದ ಆಗಿದ್ರೆ ಫೋಟೋದ ಅದೇ ಬದಿಲೇ ಉಳಿಯತ್ತೆ.

ಎರಡು ಫೋಟೋನೂ ಕಂಪ್ಯೂಟರಲ್ಲಿ ತೆರೆದು ಪೇಂಟ್ ಥರದ ಸಾದಾ ಪ್ರೋಗ್ರಾಮಲ್ಲಿ ಕರ್ಸರ್ ಇಟ್ಟು ಪಿಕ್ಸೆಲ್ ಅಳೆದೆ. ಅದಿಲ್ಲದವರು ಪರದೆ ಮೇಲೆ ಸ್ಕೇಲ್ ಇಟ್ಟರೂ ಆಗತ್ತೆ, ನಮಗೆ ಬೇಕಿರೋದು ಅನುಪಾತ ಅಷ್ಟೇ. ನಡುಕಡ್ಡಿ ಎರಡರಲ್ಲೂ 1500 ಪಿಕ್ಸೆಲ್ ಬಂತು, ಅಂದ್ರೆ ಒಂದು ಸೆಂಟಿಮೀಟರಿಗೆ 25. ಮೊದಲನೇ ಫೋಟೋದಲ್ಲಿ ನಡುಕಡ್ಡಿಯಿಂದ ಎಡ ತುದಿಗೆ 720, ಬಲ ತುದಿಗೆ 780. ಅಬ್ಬಾ, 60 ಪಿಕ್ಸೆಲ್ ವ್ಯತ್ಯಾಸ, ಎರಡೂವರೆ ಸೆಂಟಿಮೀಟರ್ ಹತ್ರ. ಎರಡನೇ ಫೋಟೋದಲ್ಲಿ ಅದೇ ಪಟಕ್ಕೆ ಎಡ 750, ಬಲ 750, ಅಳತೆ ಮಾಡಿ ಕಟ್ಟಿದ ಹಾಗೆ.

ಎರಡನೇದು ಒಂದೇ ಬಂದಿದ್ರೆ ಯಾರಾದ್ರೂ "ಸೂಪರ್, ಹಾರಿಸು" ಅಂದುಬಿಡ್ತಿದ್ರು. ನಿಜ ಇರೋದು ಎರಡರ ಸರಾಸರಿಲಿ. ಎಡ ರೆಕ್ಕೆಯ 720 ಮತ್ತೆ 750 ಸೇರಿಸಿ ಅರ್ಧ ಮಾಡಿದ್ರೆ 735, ಬಲದ 780 ಮತ್ತೆ 750 ಅರ್ಧ ಮಾಡಿದ್ರೆ 765. ಅಂದ್ರೆ ಎಡ 29.4 ಸೆಂ.ಮೀ., ಬಲ 30.6. ಕಂಡ ವ್ಯತ್ಯಾಸದಲ್ಲಿ ಅರ್ಧ ಫೋನಿನದ್ದು, ಅರ್ಧ ಪಟದ್ದು. ಫೋನ್ ಫೋಟೋದ ಬಲಬದಿಯನ್ನ ಶೇ. 2ರಷ್ಟು ಹಿಗ್ಗಿಸಿ ಎಡಬದಿಯನ್ನ ಅಷ್ಟೇ ಕುಗ್ಗಿಸಿದೆ, ಅದಕ್ಕೆ ಫೋನ್ ಭಾರೀ ವಾಲಬೇಕು ಅಂತೇನೂ ಇಲ್ಲ, ಒಂದು ಮೀಟರ್ ದೂರದಿಂದ ತೆಗೀವಾಗ ಬರೀ 4 ಡಿಗ್ರಿ ಸಾಕು. ಕೈಲಿ ಹಿಡಿದು ತೆಗೀವಾಗ 4 ಡಿಗ್ರಿ ಯಾರಿಗೂ ಗೊತ್ತೇ ಆಗಲ್ಲ. ದೂರ ಎರಡು ಮೀಟರ್ ಮಾಡಿ ಜೂಮ್ ಹಾಕಿದ್ರೆ ಈ ಸುಳ್ಳು ಅರ್ಧಕ್ಕಿಳಿಯತ್ತೆ, ಕುರ್ಚಿ ಮೇಲೆ ನಿಂತ್ಕೊಂಡು ತೆಗಿ ಅಂತ ಹೇಳೋದು ಅದಕ್ಕೇ.

ಇನ್ನೊಂದು ಅಳತೆ ಅಲ್ಲೇ ನೋಡ್ಕೊಂಡೆ, ಎರಡು ತುದಿನೂ ತಲೆಯಿಂದ ಅಷ್ಟೇ ಕೆಳಗಿದೆಯಾ ಅಂತ. ಎರಡೂ 375 ಪಿಕ್ಸೆಲ್ ಹತ್ರಾನೇ ಇತ್ತು, ಅಂದ್ರೆ ಅಡ್ಡಕಡ್ಡಿ ನೆಟ್ಟಗೆ ಅಡ್ಡವಾಗೇ ಇದೆ, ಓರೆಯಾಗಿಲ್ಲ, ಬರೀ ಪಕ್ಕಕ್ಕೆ 6 ಮಿಲಿಮೀಟರ್ ಸರಿದಿದೆ.

ಇಷ್ಟು ಸಣ್ಣ ಸರಿತಕ್ಕೆ ತಲೆ ಕೆಡಿಸ್ಕೋಬೇಕಾ ಅಂತ ಹುಡುಗ ಕೇಳ್ದ. ಲೆಕ್ಕ ಸುಲಭ ಇದೆ. ಪ್ರತಿ ರೆಕ್ಕೆನೂ ಒಂದೊಂದು ತ್ರಿಕೋನ, ಎರಡಕ್ಕೂ ತಳ ಅದೇ ನಡುಕಡ್ಡಿ, ಹಾಗಾಗಿ ವಿಸ್ತೀರ್ಣದ ವ್ಯತ್ಯಾಸ ತುದಿ ಎಷ್ಟು ದೂರ ಇದೆ ಅನ್ನೋದರ ಮೇಲೆ ಮಾತ್ರ ಹೋಗತ್ತೆ. ಎಡಕ್ಕೆ 882 ಚದರ ಸೆಂ.ಮೀ., ಬಲಕ್ಕೆ 918. ಬಲ ರೆಕ್ಕೆಗೆ ಶೇ. 4ರಷ್ಟು ಜಾಸ್ತಿ ಗಾಳಿ ಬಡಿಯತ್ತೆ, ಅದೂ ನಡುವಿನಿಂದ ಸ್ವಲ್ಪ ದೂರದಲ್ಲಿ. ಬಲ ಮೇಲೇಳತ್ತೆ, ಪಟ ಎಡಕ್ಕೆ ವಾಲತ್ತೆ. ನನ್ನ ಮಟ್ಟಿಗೆ ಈ ಸೈಜಿನ ಬಾಲ ಇಲ್ಲದ ಪಟಕ್ಕೆ 2-3 ಮಿ.ಮೀ. ಸರಿತ ಕ್ಷಮಿಸಬಹುದು, 6 ಅಂದ್ರೆ ಒಂದೋ ಸರಿಮಾಡ್ಬೇಕು ಇಲ್ಲಾಂದ್ರೆ ಬಾಲ ಕಟ್ಟಿ ಸುಮ್ನಿರಬೇಕು.

ಆಕಾರ ಇಷ್ಟಾಯ್ತು, ತೂಕ ನೋಡೋದಕ್ಕೆ ಚಪ್ಪಟೆ ಫೋಟೋ ಸಾಕಾಗಲ್ಲ, ಪೇಪರ್ ಕೆಳಗೆ ಕಡ್ಡಿ ದಪ್ಪ ಎಷ್ಟು ಅಂತ ಕಾಣಲ್ಲ. ಅದಕ್ಕೆ ಬಿಲ್ಲಿನ ದಾರ ವಾಪಸ್ ಬಿಗಿಸಿ, ಫ್ಯಾನ್ ಆಫ್ ಮಾಡಿ, ಸೂತ್ರದ ಗಂಟಲ್ಲಿ ದಾರ ಕಟ್ಟಿ ಪಟಾನ ನೇತುಹಾಕು, ಮುಖ ಮೇಲಕ್ಕಿರತ್ತೆ, ರೆಕ್ಕೆ ಎರಡೂ ಕೆಳಕ್ಕೆ ಬಾಗಿರತ್ತೆ, ಅಲ್ಲಾಡೋದು ನಿಂತಮೇಲೆ ಎರಡು ಫೋಟೋ ತೆಗಿ ಅಂದೆ, ಒಂದು ತಲೆ ಕಡೆಯಿಂದ ನೇರವಾಗಿ, ಇನ್ನೊಂದು ಪಕ್ಕದಿಂದ, ಫೋನ್ ಪಟದ ಮಟ್ಟದಲ್ಲೇ ಇರಬೇಕು. ಹಿಂದುಗಡೆ ಬಾಗಿಲ ಚೌಕಟ್ಟೋ ಕಿಟಕಿ ಅಂಚೋ ಇದ್ರೆ ಒಳ್ಳೇದು, ಯಾವುದು ನೆಟ್ಟಗೆ ಯಾವುದು ಮಟ್ಟ ಅಂತ ಹೋಲಿಸೋಕೆ ಸಿಗತ್ತೆ.

ತಲೆ ಕಡೆಯಿಂದ ತೆಗೆದ ಫೋಟೋ ತೂಕದ ವಿಷಯದಲ್ಲಿ ತುಂಬಾ ಸೂಕ್ಷ್ಮ. ಸೂತ್ರದ ಎರಡೂ ದಾರ ನಡುಕಡ್ಡಿಗೇ ಕಟ್ಟಿರೋದ್ರಿಂದ ಪಟ ನಡುಕಡ್ಡಿ ಸುತ್ತ ಬಾಗಿಲಿನ ಕೀಲಿನ ಥರ ಸಲೀಸಾಗಿ ತಿರುಗತ್ತೆ, ಬಿಲ್ಲು ಬಾಗಿರೋದ್ರಿಂದ ಇಡೀ ಪಟದ ತೂಕದ ಕೇಂದ್ರ ಕಡ್ಡಿಗಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಬಂದಿರತ್ತೆ. ಆ ಕೇಂದ್ರ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದ್ರೂ ಪಟ 6 ಡಿಗ್ರಿ ಹತ್ರ ವಾಲತ್ತೆ, 6 ಡಿಗ್ರಿ ಅಂದ್ರೆ ಒಂದು ತುದಿ ಇನ್ನೊಂದಕ್ಕಿಂತ 6 ಸೆಂ.ಮೀ. ಕೆಳಗೆ. ಕಣ್ಣಿಗೆ ಹೊಡೆದು ಕಾಣತ್ತೆ. ಹುಡುಗನ ಫೋಟೋದಲ್ಲಿ ಬಲ ತುದಿ ಸುಮಾರು 8 ಸೆಂ.ಮೀ. ಕೆಳಗಿತ್ತು.

ಅಂದ್ರೆ ಬಲ ರೆಕ್ಕೆ ದೊಡ್ಡದೂ ಹೌದು, ಭಾರಾನೂ ಹೌದು. ದೊಡ್ಡದು ಭಾರ ಇರೋದು ಸಹಜ ಅಲ್ವಾ ಅನ್ನಿಸಬಹುದು, ಆದ್ರೆ ನನಗೆ ಅದು ಕಡಿಮೆ ಭಾರ ಅನ್ನಿಸ್ತು. ಬಲಗಡೆ ಕಡ್ಡಿನೂ ಉದ್ದ ಪೇಪರೂ ಜಾಸ್ತಿ, ಎರಡೂ ಸೇರಿದ್ರೆ ಅದರ ಎರಡರಷ್ಟಾದ್ರೂ ಇಳಿಬೇಕಿತ್ತು. ಎಡಗಡೆ ಏನೋ ಭಾರ ಇದೆ. ಪಟ ಕಿಟಕಿಗೆ ಅಡ್ಡ ಹಿಡಿದು ಬೆಳಕು ಹಿಂದಿನಿಂದ ಬರೋ ಹಾಗೆ ಫೋಟೋ ಕಳಿಸು ಅಂದೆ. ಅದರಲ್ಲಿ ಅಂಟು ಜಾಸ್ತಿ ಬಿದ್ದಲ್ಲಿ, ಪೇಪರ್ ಎರಡು ಪದರ ಆದಲ್ಲಿ ಕಪ್ಪಾಗಿ ಕಾಣತ್ತೆ, ಕಡ್ಡಿಯ ನೆರಳೂ ಗೆರೆ ಎಳೆದ ಹಾಗೆ ಕಾಣತ್ತೆ. ಅಂಟಿನದ್ದೇನೂ ಇಲ್ಲ, ಆದ್ರೆ ಎಡಗಡೆ ಕಡ್ಡಿಯ ನೆರಳು ಬಲಕ್ಕಿಂತ ಎದ್ದು ಕಾಣೋ ಹಾಗೆ ದಪ್ಪ, ತುದಿ ಹತ್ರ ಒಂದು ಗೆಣ್ಣೂ ಇತ್ತು.

ಆಗ ಕೇಳ್ದೆ, "ಲೋ, ಅಡ್ಡಕಡ್ಡಿ ಮಧ್ಯ ಯಾವುದು ಅಂತ ಹೆಂಗೆ ಕಂಡುಹಿಡಿದೆ?" ಅಂತ. "ಬೆರಳ ಮೇಲೆ ಇಟ್ಟು ನೋಡ್ದೆ ಮಾಮ, ಎಲ್ಲಿ ನಿಂತಿತೋ ಅಲ್ಲೇ ಕಟ್ಟಿದೆ" ಅಂದ. ಅಲ್ಲಿಗೆ ಕಥೆ ಪೂರ್ತಿ ಗೊತ್ತಾಯ್ತು. ಬೆರಳ ಮೇಲೆ ನಿಲ್ಲೋದು ಕಡ್ಡಿಯ ತೂಕದ ಮಧ್ಯ, ಉದ್ದದ ಮಧ್ಯ ಅಲ್ಲ. ಕಡ್ಡಿ ಒಂದೇ ದಪ್ಪ ಇದ್ರೆ ಎರಡೂ ಒಂದೇ, ಬಿದಿರು ಸೀಳಿ ಮಾಡಿದ ಕಡ್ಡಿ ಹಾಗಿರೋದು ಅಪರೂಪ. ಇಲ್ಲಿ ಎಡ ದಪ್ಪ ಇದ್ದಿದ್ರಿಂದ ತೂಕದ ಮಧ್ಯ ಎಡಕ್ಕೆ ಸರಿದು, ಕಡ್ಡಿ ಬಲಕ್ಕೆ ಜಾಸ್ತಿ ಚಾಚಿದೆ. ಕಡ್ಡಿ ಮಟ್ಟಿಗೆ ತೂಕ ಸರಿಹೋಯ್ತು, ಮೇಲೆ ಪೇಪರ್ ಹಾಕಿದಾಗ ಬಲಕ್ಕೆ ಪೇಪರ್ ಜಾಸ್ತಿ ಆಯ್ತು, ಆ ಪೇಪರಿನ ಭಾರವೇ ಈಗ ಕಾಣ್ತಿರೋ ವಾಲು. ಬೆರಳಿನ ಪರೀಕ್ಷೆ ಕೆಟ್ಟದ್ದಲ್ಲ, ಮಧ್ಯವನ್ನ ಸ್ಕೇಲಲ್ಲಿ ಗುರುತು ಮಾಡಿ ಆಮೇಲೆ ಆ ಗುರುತಿನ ಮೇಲೆ ಕಡ್ಡಿ ಮಟ್ಟವಾಗಿ ನಿಲ್ಲೋವರೆಗೂ ಭಾರದ ಕಡೆ ಹೆರೀಬೇಕು, ಕ್ರಮ ಅದು.

ಇಂಥ ಪಟಕ್ಕೆ ಎಲ್ಲರೂ ಮಾಡೋ ಮದ್ದು ಹಗುರ ಇರೋ ತುದಿಗೆ ಪೇಪರ್ ತುಂಡು ಅಂಟಿಸೋದು. ಇಲ್ಲಿ ಎಡಕ್ಕೆ ಅಂಟಿಸಿದ್ರೆ ನೇತುಹಾಕಿದಾಗ ಪಟ ಮಟ್ಟವಾಗೇ ನಿಲ್ಲತ್ತೆ, ಫೋಟೋನೂ ಚೆನ್ನಾಗಿ ಬರತ್ತೆ, ಆದ್ರೆ ಮೇಲೆ ಹೋದಾಗ ಬೇರೇನೇ ಆಗತ್ತೆ. ತೂಕ ಯಾವಾಗ್ಲೂ ಅಷ್ಟೇ ಇರತ್ತೆ, ಗಾಳಿಯ ಒತ್ತಡ ಹಾಗಲ್ಲ, ಗಾಳಿ ವೇಗ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟು. ತೆಳು ಗಾಳಿಲಿ ಭಾರದ ರೆಕ್ಕೆ ಮಾತು ನಡೆಯತ್ತೆ, ಜೋರು ಗಾಳಿಲಿ ದೊಡ್ಡ ರೆಕ್ಕೆದು. ಹಾಗಾಗಿ ಈ ಪಟ ಈಗಿರೋ ಹಾಗೆ ಹಾರಿಸಿದ್ರೆ ಮೆಲ್ಲಗೆ ಗಾಳಿ ಇದ್ದಾಗ ಬಲಕ್ಕೆ ವಾಲತ್ತೆ, ಗಾಳಿ ಏರಿದ್ರೆ ಎಡಕ್ಕೆ ತಿರುಗತ್ತೆ ಅಂತ ಬರೆದು ಕಳಿಸಿದೆ. ಎಡಕ್ಕೆ ಪೇಪರ್ ಅಂಟಿಸಿದ್ರೆ ಮೊದಲನೇದು ಹೋಗಿ ಎರಡನೇದು ಇನ್ನೂ ಜಾಸ್ತಿ ಆಗತ್ತೆ.

ಹಾರಿಸಿ ನೋಡ್ತೀನಿ ಅಂತ ಹುಡುಗನಿಗೆ ಆತುರ, ಆದ್ರೆ ಈಗಿರೋ ಸೂತ್ರದಲ್ಲಿ ಅದು ಮೇಲೇಳೋದೇ ಕಷ್ಟ ಅಂತ ಪಕ್ಕದ ಫೋಟೋಲೇ ಕಾಣ್ತಿತ್ತು. ತಲೆ ಕೆಳಗೆ ಬುಡ ಮೇಲೆ, 11 ಡಿಗ್ರಿ ಹತ್ರ ಮುಂದಕ್ಕೆ ಮುಗ್ಗರಿಸಿದ ಹಾಗೆ ನೇತಾಡ್ತಿತ್ತು. ಸೂತ್ರದ ಮೇಲಿನ ದಾರ ಕಡ್ಡಿಗಳು ಸೇರೋ ಜಾಗದಲ್ಲಿ, ಕೆಳಗಿನದು ತಲೆಯಿಂದ 45 ಸೆಂ.ಮೀ. ಹತ್ರ ಕಟ್ಟಿದಾನೆ, ಎರಡರದ್ದೂ ಉದ್ದ 33. ಎರಡೂ ಸಮ ಇದ್ರೆ ಗಂಟು ಅವೆರಡರ ನಡುವೆ ಸರಿಯಾಗಿ ನಿಲ್ಲತ್ತೆ, ಅಂದ್ರೆ ತಲೆಯಿಂದ 30 ಸೆಂಟಿಮೀಟರಲ್ಲಿ, ನಡುಕಡ್ಡಿಯ ನಟ್ಟನಡುವೆ. ನೋಡೋಕೆ ಬ್ಯಾಲೆನ್ಸ್ ಅನ್ನಿಸತ್ತೆ, ಹೊಸಬರು ಇದನ್ನೇ ಮಾಡೋದು.

ಗಾಳಿ ಒತ್ತಡದ ಕೇಂದ್ರ ಎಲ್ಲಿರತ್ತೆ ಅಂತ ಸುಮಾರಾಗಿ ತಿಳಿಯೋಕೆ ಪೇಪರಿನ ವಿಸ್ತೀರ್ಣದ ಮಧ್ಯ ಹುಡುಕಿದ್ರೆ ಸಾಕು, ಈ ಆಕಾರದ ಪಟಕ್ಕೆ ಅದು ತುಂಬಾ ಸುಲಭ. ನಡುಕಡ್ಡಿ ಉದ್ದ 60, ತಲೆಯಿಂದ ಅಡ್ಡಕಡ್ಡಿಗೆ 15, ಎರಡೂ ಕೂಡಿಸಿ ಮೂರರಿಂದ ಭಾಗಿಸಿ, 25. ತಲೆಯಿಂದ 25 ಸೆಂ.ಮೀ. ಕೆಳಗೆ ಗಾಳಿ ತಳ್ಳತ್ತೆ ಅಂತಿಟ್ಕೊಳ್ಳಿ. ದಾರ ಎಳೆಯೋ ಗಂಟು ಅದಕ್ಕಿಂತ ಸ್ವಲ್ಪ ತಲೆ ಕಡೆ ಇರಬೇಕು, ಆಗ ಗಾಳಿ ಬುಡವನ್ನ ಹಿಂದಕ್ಕೆ ತಳ್ಳಿ ತಲೆಯನ್ನ ಗಾಳಿಗೆ ಬಾಗಿಸಿ ಇಟ್ಕೊಳ್ಳತ್ತೆ. ಗಂಟು 30ರಲ್ಲಿದ್ರೆ ತಳ್ಳೋ ಜಾಗ ಗಂಟಿಗಿಂತ ಮೇಲಾಯ್ತು, ತಲೆ ಹಿಂದಕ್ಕೆ ಮಲಗತ್ತೆ, ಪಟ ಗಾಳಿಗೆ ಎದೆಯೊಡ್ಡಿ ನಿಂತು ಮೇಲೇರದೆ ಗಿರಗಿರ ಸುತ್ತಿ ನೆಲಕ್ಕೆ ಬರತ್ತೆ.

ಗಂಟು 22 ಸೆಂಟಿಮೀಟರಿಗೆ ತಾ ಅಂದೆ, ಒತ್ತಡದ ಮಧ್ಯಕ್ಕಿಂತ 3 ಸೆಂ.ಮೀ. ಮುಂದೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಸೂತ್ರದ ಒಟ್ಟು ದಾರ 66 ಸೆಂ.ಮೀ. ಹಾಗೇ ಇಟ್ಟು ಗಂಟನ್ನ ಮೇಲಕ್ಕೆ ಜಾರಿಸೋದು, ಮೇಲಿನದು 29.4, ಕೆಳಗಿನದು 36.6 ಆದಾಗ ಗಂಟು 22ರ ಎದುರು ಬರತ್ತೆ. ದಾರದ ಮೇಲೆ ಗಂಟು ಸರಿದಿದ್ದು ಬರೀ 3.6 ಸೆಂ.ಮೀ., ಆದ್ರೆ ಎಳೆತದ ಜಾಗ ಸರಿದಿದ್ದು 8. ಒಂದು ಸೆಂಟಿಮೀಟರ್ ಜಾರಿಸಿದ್ರೆ ಎರಡು ಸೆಂಟಿಮೀಟರಿಗೂ ಜಾಸ್ತಿ ಹೋಗತ್ತೆ, ಅದಕ್ಕೇ ಬಯಲಲ್ಲಿ ಹೊಂದಿಸುವಾಗ ಒಂದು ಸಲಕ್ಕೆ 2-3 ಮಿಲಿಮೀಟರಿಗಿಂತ ಜಾಸ್ತಿ ಜಾರಿಸಬಾರದು. ಜಾಸ್ತಿ ಮೇಲೆ ಹೋದ್ರೂ ತೊಂದ್ರೆನೇ, ಪಟ ಗಾಳಿಗೆ ಚಪ್ಪಟೆಯಾಗಿ ಮಲಗಿ ಪಟಪಟ ಬಡ್ಕೊಳ್ಳತ್ತೆ ಹೊರತು ದಾರ ಎಳೆಯಲ್ಲ.

ಹೊಸ ಸೂತ್ರದ ಪಕ್ಕದ ಫೋಟೋದಲ್ಲಿ ತಲೆ 4 ಡಿಗ್ರಿ ಮೇಲಿತ್ತು, ನನಗೆ ಬೇಕಿದ್ದೂ ಅಷ್ಟೇ. ಪಟದ ತೂಕದ ಕೇಂದ್ರ ತಲೆಯಿಂದ 24 ಸೆಂ.ಮೀ. ಅಂತ ಹುಡುಗ ಸ್ಕೇಲಿನ ಅಂಚಲ್ಲಿ ನಿಲ್ಲಿಸಿ ಹೇಳಿದ್ದ, ಗಂಟು 22ರಲ್ಲಿ, 30 ಸೆಂಟಿಮೀಟರಿನಷ್ಟು ಮೇಲಿದೆ, 2 ಸೆಂಟಿಮೀಟರ್ ವ್ಯತ್ಯಾಸಕ್ಕೆ ಅಷ್ಟೇ ಕೋನ ಬರೋದು. ಸೂತ್ರ ಗಿಡ್ಡ ಇರೋ ಪಟದಲ್ಲಿ ಇದೇ 2 ಸೆಂಟಿಮೀಟರಿಗೆ ತಲೆ ಇನ್ನೂ ಮೇಲೆ ಕಾಣತ್ತೆ, ಹಾಗಾಗಿ ಬೇರೆಯವರ ಪಟದ ಕೋನ ನೋಡಿ ಇದಕ್ಕೆ ಹೋಲಿಸೋಕೆ ಹೋಗಬೇಡಿ. ಇನ್ನೊಂದು, ಈ ಫೋಟೋ ಹೇಳೋದು ತೂಕದ ಲೆಕ್ಕ, ಗಾಳಿಯ ಲೆಕ್ಕ ಅಲ್ಲ. ತಲೆ ಕೆಳಗಾಗಿ ನೇತಾಡ್ತಿದ್ರೆ ಸೂತ್ರ ಸರಿ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು, ಸ್ವಲ್ಪ ಮೇಲಿದ್ರೆ ಹಾರಿಸಿ ನೋಡೋ ಮಟ್ಟಕ್ಕೆ ಬಂದಿದೆ ಅಂತ ಮಾತ್ರ.

ಸೂತ್ರ ಆದಮೇಲೆ ತಡೀಲಿಲ್ಲ, ಆಕಾರ ಮುಟ್ಟದೇನೇ ಹಾರಿಸಿ ಬಂದ. "ನೀವು ಹೇಳಿದ ಹಂಗೇ ಆಯ್ತು ಮಾಮ, ಮೊದ್ಲು ಬಲಕ್ಕೆ ಹೋಯ್ತು, ಗಾಳಿ ಬಂದ್ಮೇಲೆ ಎಡಕ್ಕೆ ಹೊಡೀತು" ಅಂದ. ಎದ್ದಿದ್ದಂತೂ ಎದ್ದಿದೆ, ಅಂದ್ರೆ ಸೂತ್ರ ಸರಿ, ಉಳಿದಿದ್ದು ರೆಕ್ಕೆ.

ರಿಪೇರಿಲಿ ಆಕಾರ ಮೊದಲು, ತೂಕ ಆಮೇಲೆ. ಆಕಾರ ಬದಲಾಯಿಸಿದ್ರೆ ತೂಕ ಹೇಗೂ ಬದಲಾಗತ್ತೆ, ಮೊದಲೇ ತೂಕ ಹೊಂದಿಸಿದ್ರೆ ಆ ಕೆಲಸ ದಂಡ. ಅಡ್ಡಕಡ್ಡಿಯ ಕಟ್ಟು ಬಿಚ್ಚಿ 6 ಮಿ.ಮೀ. ಸರಿಸೋದು ಒಂದು ದಾರಿ, ಆದ್ರೆ ಪೇಪರ್ ಈಗಾಗ್ಲೇ ಅಂಚಿನ ದಾರಕ್ಕೆ ಅಂಟಿದೆ, ಎಡಕ್ಕೆ ಎಳೆದ್ರೆ ಹರಿಯತ್ತೆ, ಬಲಕ್ಕೆ ಸಡಿಲ ಆಗಿ ಸುಕ್ಕು ಬೀಳತ್ತೆ. ಬಲ ತುದಿಲಿ 12 ಮಿ.ಮೀ. ಕತ್ತರಿಸೋದೇ ಸುಲಭ. ಕತ್ತರಿಸೋ ಮೊದಲು ಹೊಸ ಜಾಗದಲ್ಲಿ ಕಡ್ಡಿಗೆ ಸಣ್ಣ ಗೀರು ಹಾಕಿ ಅಂಚಿನ ದಾರವನ್ನ ಅಲ್ಲಿಗೆ ತಂದು ಸುತ್ತಿ ಕಟ್ಟಬೇಕು, ಆಮೇಲೆ ಹೊರಗುಳಿದ ಕಡ್ಡಿ ತುಂಡು ತೆಗಿಬೇಕು, ಹೊಸ ದಾರದ ಗೆರೆಯಿಂದ ಒಂದು ಸೆಂಟಿಮೀಟರ್ ಬಿಟ್ಟು ಜಾಸ್ತಿ ಪೇಪರ್ ಕತ್ತರಿಸಿ ಉಳಿದಿದ್ದನ್ನ ಒಳಕ್ಕೆ ಮಡಚಿ ತೆಳುವಾಗಿ ಅಂಟು ಹಚ್ಚಬೇಕು. ಈ ಬದಲಾವಣೆಯಿಂದ ಸೂತ್ರ ಕೆಡಲ್ಲ, ಯಾಕಂದ್ರೆ ಆ 25ರ ಲೆಕ್ಕದಲ್ಲಿ ರೆಕ್ಕೆ ಅಗಲ ಬರೋದೇ ಇಲ್ಲ.

ಚಪ್ಪಟೆ ಫೋಟೋ ಮತ್ತೆ ಎರಡೂ ರೀತಿಲಿ ತೆಗೆಸಿ ಸರಾಸರಿ ಹಾಕ್ದೆ, ಎಡ 735, ಬಲ 737. ಒಂದು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸ, ಸಾಕು.

ನೇತುಹಾಕಿದ ಫೋಟೋದಲ್ಲಿ ಈಗ ನಿರೀಕ್ಷೆ ಮಾಡಿದ ಹಾಗೆ ಎಡ ತುದಿ ಕೆಳಗೆ ಬಂದಿತ್ತು, ಸುಮಾರು 10 ಸೆಂ.ಮೀ. ನೋಡೋಕೆ ಭಯ ಆಗತ್ತೆ, ಲೆಕ್ಕ ಹಾಕಿದ್ರೆ ಏನೂ ಅಲ್ಲ, ಇಡೀ ಪಟ 12 ಗ್ರಾಂ ಆಸುಪಾಸು, ತುದಿ ಹತ್ರ 0.1 ಗ್ರಾಂ ತೆಗೆದ್ರೆ ಸರಿಹೋಗತ್ತೆ. ಎಡ ಕಡ್ಡಿಯ ಹೊರಗಿನ 10 ಸೆಂಟಿಮೀಟರ್ ಭಾಗ ಹೆರೆಯೋಕೆ ಹೇಳ್ದೆ, ಗೆಣ್ಣಿನ ಉಬ್ಬು ಮೊದಲು. ಹೆರೆಯೋದು ಒಳಗಿನ ತಿರುಳಿನ ಕಡೆ ಮಾತ್ರ, ಹೊರಗಿನ ನುಣುಪು ಸಿಪ್ಪೆ ಮುಟ್ಟಬಾರದು, ಬಿದಿರಿನ ಬಲವೆಲ್ಲಾ ಅಲ್ಲೇ ಇರೋದು. ಮೆಲ್ಲಗೆ ಹೆರಿ ಅಂತ ಒತ್ತಿ ಹೇಳ್ದೆ, ದಪ್ಪ ಶೇ. 10 ಕಡಿಮೆ ಆದ್ರೆ ಕಡ್ಡಿಯ ಬಿಗಿ ಶೇ. 27 ಕಡಿಮೆ ಆಗತ್ತೆ, ತೂಕಕ್ಕಿಂತ ಬೇಗ ಬಾಗು ಬದಲಾಗತ್ತೆ. ಸ್ವಲ್ಪ ಹೆರೆದು, ನೇತುಹಾಕಿ ಫೋಟೋ ನೋಡಿ, ಮತ್ತೆ ಸ್ವಲ್ಪ. ತುದಿಗಳ ವ್ಯತ್ಯಾಸ 2 ಸೆಂಟಿಮೀಟರಿಗೆ ಇಳಿದಾಗ ನಿಲ್ಲಿಸಿದ್ವಿ.

ಕಡೇ ಫೋಟೋ ಬಿಲ್ಲಿನದ್ದು. ಪಟ ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, ತಲೆ ಕಡೆಯಿಂದ ಮೇಜಿನ ಮಟ್ಟಕ್ಕೆ ಫೋನ್ ಇಳಿಸಿ ತೆಗೆದಿದ್ದು, ಬಿಲ್ಲಿನ ದಾರ ನೇರ ಗೆರೆಯಾಗಿ, ಕಡ್ಡಿ ಅದರ ಕೆಳಗೆ ಬಾಗಿ ಕಾಣತ್ತೆ. ನಡುವೆ ದಾರಕ್ಕೂ ಕಡ್ಡಿಗೂ 6 ಸೆಂ.ಮೀ. ಇರಬೇಕು ಅಂತ ಇಟ್ಕೊಂಡಿದ್ವಿ, ಅಗಲದ ಹತ್ತನೇ ಒಂದು ಭಾಗ. ನಾನು ನೋಡಿದ್ದು ನಡುವಿನದಲ್ಲ, ಪ್ರತಿ ರೆಕ್ಕೆಯ ಅರ್ಧದಲ್ಲಿ ಎಷ್ಟಿದೆ ಅಂತ. ಬಾಗು ಸರಿಯಾಗಿ ಬಂದಿದ್ರೆ ಅಲ್ಲಿ ನಡುವಿನ ಮುಕ್ಕಾಲು ಭಾಗ, 4.5 ಸೆಂ.ಮೀ. ಹತ್ರ ಇರತ್ತೆ. ಹೆರೆಯೋ ಮೊದಲಿನ ಫೋಟೋದಲ್ಲಿ ಎಡ 4.1, ಬಲ 4.8 ಇತ್ತು, ದಪ್ಪ ಕಡ್ಡಿ ಬಗ್ಗದೆ ಸೆಟೆದಿತ್ತು. ಈಗ ಎಡ 4.4, ಬಲ 4.6. ಗಾಳಿ ಜೋರಾದಾಗ ಮೆದು ಕಡ್ಡಿ ಇರೋ ರೆಕ್ಕೆ ಹಿಂದಕ್ಕೆ ಜಾಸ್ತಿ ಮಡಚಿ ಚಿಕ್ಕದಾಗತ್ತೆ, ಪಟ ಆ ಕಡೆಗೇ ವಾಲತ್ತೆ, ಹಾಗಾಗಿ ಜೋರು ಗಾಳಿಗೆ ಸ್ವಲ್ಪ ಬಲಕ್ಕೆ ವಾಲಬಹುದು ಅಂತ ಹೇಳಿಟ್ಟೆ. ನಿಂತ ಪಟದ ಫೋಟೋದಲ್ಲಿ ಇದಕ್ಕಿಂತ ಜಾಸ್ತಿ ಹಿಡಿಯೋಕಾಗಲ್ಲ, ಗಾಳಿಲಿ ಕಡ್ಡಿ ಎಷ್ಟು ಬಗ್ಗತ್ತೆ ಅನ್ನೋದು ಗಾಳಿಲೇ ಗೊತ್ತಾಗೋದು.

ಈಗ ಪಟ ಬಾಲ ಇಲ್ಲದೆ ನೆಟ್ಟಗೆ ನಿಲ್ತಿದೆ, ಗಾಳಿ ಒಮ್ಮೆಲೇ ಏರಿದಾಗ ಬಲಕ್ಕೆ ಒಂಚೂರು ವಾಲಿ ವಾಪಸ್ ಬರತ್ತಂತೆ. ಅದಕ್ಕೆ ಎಡ ಕಡ್ಡೀನ ಇನ್ನೂ ಹೆರೆಯಬೇಡ, ಬಿಲ್ಲಿನ ದಾರ ಅರ್ಧ ಸೆಂಟಿಮೀಟರ್ ಬಿಗಿ ಮಾಡಿ ನೋಡು ಅಂದಿದೀನಿ. ಬಾಗು ಜಾಸ್ತಿ ಆದ್ರೆ ವಾಲಿದ ಪಟ ಬೇಗ ನೆಟ್ಟಗಾಗತ್ತೆ, ಆದ್ರೆ ತೆಳು ಗಾಳಿಲಿ ಏಳೋಕೆ ಸೋಮಾರಿತನ ಮಾಡತ್ತೆ, ಯಾವುದು ಬೇಕು ಅಂತ ಅವನೇ ನಿರ್ಧಾರ ಮಾಡ್ಲಿ.